ಕೆಲಸ ಹುಡುಕುವವನ ವಾರ

(ಯುವಜನರ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಬೆಂಗಳೂರಿನ ಒಂದು ಬಿಡಿಭಾಗಗಳ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ 17 ವರ್ಷ ದುಡಿದವನು. ನನಗೆ 41 ವರ್ಷವಾಗಿದ್ದಾಗ ಆ ಕಾರ್ಖಾನೆ ಬಾಗಿಲು ಹಾಕಿತು. ಮತ್ತೊಂದು ಕೆಲಸಕ್ಕೆ ಸೇರಿದ್ದು ಹನ್ನೊಂದನೆಯ ತಿಂಗಳಿನಲ್ಲಿ. ನಡುವಿನ ಆ ಹತ್ತು ತಿಂಗಳನ್ನು ಹೇಗೆ ಕಳೆದೆ ಅನ್ನುವುದನ್ನು ಹೇಳಿ ಎಂದು ಸಂಘಟಕರು ಕೇಳಿದ್ದಾರೆ. ಇಲ್ಲಿ ಕೂತಿರುವವರಲ್ಲಿ ಕೆಲವರು ಈಗ ಅದೇ ದಾರಿಯಲ್ಲಿದ್ದೀರಿ ಎಂದೂ ಹೇಳಿದ್ದಾರೆ. ಆದ್ದರಿಂದ ಸಮಾಧಾನದ ಮಾತು ಆಡುವುದಿಲ್ಲ, ಲೆಕ್ಕ ಹೇಳುತ್ತೇನೆ.

ಮೊದಲು ತಪ್ಪಿನ ಲೆಕ್ಕ. ಕೆಲಸ ಹೋದ ಮರುದಿನದಿಂದಲೇ ನಾನು ಹುಡುಕಾಟಕ್ಕೆ ಬಿದ್ದೆ. ಬೆಳಿಗ್ಗೆ ಆರಕ್ಕೆ ಎದ್ದು ಮೊಬೈಲ್ ಹಿಡಿದರೆ ರಾತ್ರಿ ಹನ್ನೊಂದಕ್ಕೆ ಇಡುತ್ತಿದ್ದೆ. ನೌಕರಿ, ಲಿಂಕ್ಡ್‌ಇನ್, ಇನ್ನೂ ನಾಲ್ಕಾರು ಆ್ಯಪ್. ಕಾಯಕದ ಮಾತು ಕೇಳುತ್ತಲೇ ಬೆಳೆದವನಿಗೆ ಮನೆಯಲ್ಲಿ ಸುಮ್ಮನೆ ಕೂರುವುದು ನಾಚಿಕೆ. ಹಾಗಾಗಿ ಕೂತಿಲ್ಲ ಎಂದು ನನಗೆ ನಾನೇ ತೋರಿಸಿಕೊಳ್ಳಲು ದಿನವಿಡೀ ಗುಂಡಿ ಒತ್ತುತ್ತಿದ್ದೆ. ಒಂದು ರಾತ್ರಿ ನಿದ್ದೆ ಬರದೆ 40 ಅರ್ಜಿ ಕಳಿಸಿದ್ದುಂಟು. ಅದರಲ್ಲಿ ಒಂದು ಪುಣೆಯ ಹೋಟೆಲಿನ ಮ್ಯಾನೇಜರ್ ಹುದ್ದೆ. ಮೂರು ತಿಂಗಳಲ್ಲಿ ಇನ್ನೂರು ದಾಟಿತು. ಮಾತಾಡಿದವರು ನಾಲ್ಕೇ ಜನ. ಅದರಲ್ಲೊಬ್ಬ, ನೋಂದಣಿಗೆ 2,500 ರೂಪಾಯಿ ಕಟ್ಟಿ ಅಂದವನು. ಕೆಲಸ ಕೊಡುವವರು ಹಣ ಕೇಳುವುದಿಲ್ಲ. ಕೇಳಿದರೆ ಅಲ್ಲಿಗೇ ಫೋನ್ ಇಟ್ಟುಬಿಡಿ.

ನಾಲ್ಕನೆಯ ತಿಂಗಳು ನಾನು ಮಲಗಿಬಿಟ್ಟೆ. ಜ್ವರವಿಲ್ಲ, ನೋವಿಲ್ಲ. ಏಳಬೇಕೆನಿಸುತ್ತಿರಲಿಲ್ಲ ಅಷ್ಟೆ. ಒಂದು ಕಂಪನಿಯಿಂದ ಸಂದರ್ಶನಕ್ಕೆ ಕರೆ ಬಂದರೂ ಹೋಗಲಿಲ್ಲ. ಮನೆಯವಳಿಗೆ ಹೋಗಿದ್ದೆ ಎಂದು ಸುಳ್ಳು ಹೇಳಿ ಲಾಲ್‌ಬಾಗಿನಲ್ಲಿ ಕೂತು ಬಂದೆ. ಇದನ್ನು ಇಷ್ಟು ಜನರ ಮುಂದೆ ಹೇಳಲು ಸಂಕೋಚವಿದೆ. ಆದರೂ ಇಲ್ಲಿ ಯಾರಾದರೂ ಹಾಗೆ ಕೂತು ಬಂದಿದ್ದರೆ, ಅದು ಸೋಮಾರಿತನವಲ್ಲ, ದಣಿವು ಎಂದು ತಿಳಿಯಲಿ ಅಂತ ಹೇಳಿದೆ.

ಮುಂದೆ ನಾನು ಮಾರಿಯೆಂಥಾಲ್ ಎಂಬ ಊರಿನ ಬಗ್ಗೆ ಓದಿದೆ. ಆಸ್ಟ್ರಿಯಾ ದೇಶದ ಒಂದು ಸಣ್ಣ ಕಾರ್ಖಾನೆ ಊರು. 1930ರ ಸುಮಾರಿಗೆ ಅಲ್ಲಿನ ಬಟ್ಟೆ ಗಿರಣಿ ಮುಚ್ಚಿ, ಹೆಚ್ಚುಕಡಿಮೆ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಮಾರಿ ಯಹೋಡ ಎಂಬ ಮಹಿಳೆ ಮತ್ತು ಅವರ ಸಂಗಡಿಗರು ಅಲ್ಲಿಗೆ ಹೋಗಿ ಜನರನ್ನು ಗಮನಿಸಿ 1933ರಲ್ಲಿ ಪುಸ್ತಕ ತಂದರು. ಕೆಲಸವಿಲ್ಲದಿದ್ದರೆ ಜನ ಹೆಚ್ಚು ಓದಬೇಕಲ್ಲವೇ? ಕೈತುಂಬ ಸಮಯ ಇದೆ. ಆದರೆ ಅಲ್ಲಿನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಬೀದಿಯಲ್ಲಿ ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ಅಲ್ಲಲ್ಲಿ ನಿಲ್ಲುತ್ತಿದ್ದರು. ಬೆಳಿಗ್ಗೆಯಿಂದ ಏನು ಮಾಡಿದಿರಿ ಎಂದು ಕೇಳಿದರೆ ಅವರಿಗೆ ನೆನಪಿರುತ್ತಿರಲಿಲ್ಲ. ಹೆಂಗಸರು ಮಾತ್ರ ಹಾಗಾಗಿರಲಿಲ್ಲ. ಅವರಿಗೆ ಮನೆಗೆಲಸದ ಹೊತ್ತುಗೊತ್ತು ಉಳಿದಿತ್ತು. ಇದನ್ನು ಓದಿದಾಗ ನನ್ನ ಮನೆಯನ್ನೇ ನೋಡಿ ಬರೆದಂತಿತ್ತು. ಸಂಬಳದ ಜೊತೆಗೆ ನನ್ನ ಕೈಬಿಟ್ಟು ಹೋಗಿದ್ದು ದಿನಕ್ಕಿದ್ದ ಆಕಾರ. ಎಂಟೂವರೆಗೆ ಬಸ್ಸು, ಹನ್ನೊಂದಕ್ಕೆ ಚಹಾ, ಭಾನುವಾರ ರಜೆ. ಅದನ್ನು ಕಾರ್ಖಾನೆ ಕೊಟ್ಟಿತ್ತು, ಕಾರ್ಖಾನೆಯೇ ತೆಗೆದುಕೊಂಡಿತು. ಇನ್ನು ನಾನೇ ಮಾಡಿಕೊಳ್ಳಬೇಕಿತ್ತು.

ಐದನೆಯ ತಿಂಗಳು ಮಗಳ ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡು ವಾರದ ಪಟ್ಟಿ ಬರೆದೆ. ಮೊದಲ ತೀರ್ಮಾನ, ಹುಡುಕಾಟ ಬೆಳಿಗ್ಗೆ ಒಂಬತ್ತೂವರೆಯಿಂದ ಒಂದು ಗಂಟೆಯವರೆಗೆ ಮಾತ್ರ. ಸೋಮವಾರದಿಂದ ಶುಕ್ರವಾರ. ಒಟ್ಟು ಹದಿನೇಳೂವರೆ ಗಂಟೆ, ಶನಿವಾರ ಒಂದು ಗಂಟೆ ಲೆಕ್ಕಕ್ಕೆ. ಕೇಳಿದವರು ನಕ್ಕರು. ಕೆಲಸವಿಲ್ಲದವನು ದಿನಕ್ಕೆ ಮೂರೂವರೆ ಗಂಟೆ ಹುಡುಕಿದರೆ ಸಾಕೇ? ಸಾಕು. ನನ್ನ ದರ್ಜೆಗೆ, ನನ್ನ ಕೆಲಸಕ್ಕೆ ನಿಜವಾಗಿ ಹೊಂದುವ ಹೊಸ ಜಾಹೀರಾತು ವಾರಕ್ಕೆ ಆರೋ ಏಳೋ ಬರುತ್ತಿದ್ದವು. ಉಳಿದ ಹೊತ್ತೆಲ್ಲ ಅದೇ ಪಟ್ಟಿಯನ್ನು ಮತ್ತೆ ಮತ್ತೆ ತಿರುವುತ್ತಿದ್ದೆ. ಅದು ಹುಡುಕಾಟವಲ್ಲ, ಗಾಯ ಕೆರೆದುಕೊಳ್ಳುವುದು. ಸಂದರ್ಶನ ಬಂದ ವಾರ ಅದರ ತಯಾರಿಗೆ ಮತ್ತೆ ಮೂರ್ನಾಲ್ಕು ಗಂಟೆ ಸೇರುತ್ತಿತ್ತು. ಅದನ್ನು ಬಿಟ್ಟರೆ ಒಂದು ಗಂಟೆಗೆ ಆ್ಯಪ್‌ಗಳ ಸೂಚನೆ ಸದ್ದು ಬಂದ್. ಫೋನ್ ಕರೆ ಬಂದರೆ ಮಾತ್ರ ಎತ್ತುವುದು.

ಸೋಮವಾರ ಪಟ್ಟಿ ಮಾಡುವ ದಿನ. ಜಾಹೀರಾತುಗಳನ್ನೆಲ್ಲ ನೋಡಿ ಐದನ್ನು ಆರಿಸುತ್ತಿದ್ದೆ. ಕೇಳಿರುವ ಅರ್ಹತೆಯಲ್ಲಿ ಮುಕ್ಕಾಲು ಪಾಲು ನನ್ನಲ್ಲಿ ಇದ್ದರೆ ಹಾಕುವುದು, ಇಲ್ಲದಿದ್ದರೆ ಬಿಡುವುದು. ಅಂದೇ ಪೋರ್ಟಲ್‌ನಲ್ಲಿ ನನ್ನ ಪ್ರೊಫೈಲ್ ತೆರೆದು ಒಂದು ಸಾಲಾದರೂ ತಿದ್ದುತ್ತಿದ್ದೆ. ಇತ್ತೀಚೆಗೆ ತಿದ್ದಿದವರನ್ನು ಹುಡುಕುವವರು ಮೊದಲು ನೋಡುತ್ತಾರೆ. ಮಂಗಳವಾರ, ಬುಧವಾರ ಬರೆಯುವ ದಿನ. ಒಂದು ಅರ್ಜಿಗೆ ಒಂದು ಗಂಟೆಗೂ ಸ್ವಲ್ಪ ಹೆಚ್ಚು. ರೆಸ್ಯೂಮೆಯ ಮೊದಲ ಅರ್ಧ ಪುಟವನ್ನು ಆ ಜಾಹೀರಾತಿನ ಮಾತುಗಳಿಗೆ ತಕ್ಕಂತೆ ಬದಲಿಸಿ ಕಳಿಸುವುದು.

ಗುರುವಾರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಎಲ್ಲರೂ ತಪ್ಪಿಸುವುದು ಈ ದಿನವನ್ನೇ. ಅದು ಜನರ ಜೊತೆ ಮಾತಾಡುವ ದಿನ. ನಾಲ್ಕು ಫೋನ್, ಆದರೆ ಒಂದು ಭೇಟಿ. ಯಾರಿಗೆ ಫೋನ್? ನಾನು ಮೊದಮೊದಲು ಆಪ್ತರಿಗೇ ಮಾಡುತ್ತಿದ್ದೆ. ಅಣ್ಣ, ಭಾವ, ಜೊತೆಗೆ ಕೆಲಸ ಕಳೆದುಕೊಂಡ ಗೆಳೆಯರು. ಅವರಿಗೆ ಗೊತ್ತಿದ್ದದ್ದು ನನಗೂ ಗೊತ್ತಿತ್ತು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಒಂದು ಲೇಖನ ಹೆಸರಾದದ್ದು. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು ಅವರು ಮಾತಾಡಿಸಿದರು. ಅವರಲ್ಲಿ ಹೆಚ್ಚಿನವರಿಗೆ ಸುದ್ದಿ ಕೊಟ್ಟವರು ದಿನಾ ನೋಡುವ ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಸಿಗುವವರು. ಕಾರಣ ಸರಳ. ಆಪ್ತರು ನಮ್ಮ ಓಣಿಯಲ್ಲೇ ಓಡಾಡುತ್ತಾರೆ, ದೂರದ ಪರಿಚಯದವರು ಬೇರೆ ಓಣಿಯ ಸುದ್ದಿ ತರುತ್ತಾರೆ.

ನಾನು ಹಳೆಯ ಡೈರಿ ತೆಗೆದು 60 ಹೆಸರು ಬರೆದೆ. ನಮಗೆ ಉಕ್ಕು ಕೊಡುತ್ತಿದ್ದ ಏಜೆಂಟು, ಆಡಿಟ್‌ಗೆ ಬರುತ್ತಿದ್ದವರು, ಬಿಟ್ಟು ಹೋದ ಹಳೆಯ ಮೇಲಧಿಕಾರಿ, ನಮ್ಮ ಮೈಕ್ರೊಮೀಟರ್, ವರ್ನಿಯರ್‌ಗಳನ್ನು ಆರು ತಿಂಗಳಿಗೊಮ್ಮೆ ಕ್ಯಾಲಿಬ್ರೇಶನ್‌ಗೆ ಒಯ್ಯುತ್ತಿದ್ದ ಲ್ಯಾಬಿನವರು. ಫೋನ್ ಮಾಡಿ “ಎಲ್ಲಾದರೂ ಕೆಲಸ ಇದ್ದರೆ ಹೇಳಿ ಸರ್” ಅಂದರೆ ಅವರು “ಖಂಡಿತ” ಅಂದು ಮರೆಯುತ್ತಾರೆ. ಪಾಪ, ಅವರ ತಪ್ಪಲ್ಲ, ನಾವು ಕೇಳಿದ್ದು ತೀರಾ ದೊಡ್ಡದು. ನಾನು ಪ್ರಶ್ನೆ ಬದಲಿಸಿದೆ. “ಸರ್, ನೀವು ಹತ್ತಾರು ಕಾರ್ಖಾನೆಗೆ ಹೋಗುತ್ತೀರಿ. ಈಗ ಕ್ವಾಲಿಟಿಯಲ್ಲಿ ಯಾವ ಕಡೆ ಹೊಸ ಲೈನ್ ಹಾಕುತ್ತಿದ್ದಾರೆ? ಅಲ್ಲಿ ಯಾರನ್ನು ಮಾತಾಡಿಸಬಹುದು?” ಇದಕ್ಕೆ ಉತ್ತರ ಹೇಳುವುದು ಸುಲಭ. ಹೇಳಿದವರಿಗೂ ಸಂತೋಷ. ಒಂದು ಫೋನ್ ಮುಗಿಯುವಾಗ ಇನ್ನೊಂದು ಹೆಸರು ಸಿಗುತ್ತಿತ್ತು. ಅರವತ್ತು ಹೆಸರು ಮುಗಿಯಲೇ ಇಲ್ಲ. ಎಂಟು ವಾರಕ್ಕೊಮ್ಮೆ ಅದೇ ವ್ಯಕ್ತಿಗೆ ಮತ್ತೆ ಮಾಡಬಹುದು. ಅದಕ್ಕಿಂತ ಬೇಗ ಮಾಡಿದರೆ ಫೋನ್ ಎತ್ತುವುದನ್ನು ಬಿಡುತ್ತಾರೆ.

ಶುಕ್ರವಾರ ಕಲಿಯುವ ದಿನ. ಏನು ಕಲಿಯಬೇಕೆಂಬುದು ಹೇಗೆ ಗೊತ್ತಾಯಿತು ಅನ್ನುವುದಕ್ಕೆ ಶನಿವಾರದ ಲೆಕ್ಕಕ್ಕೆ ಬರಬೇಕು.

ಶನಿವಾರ ಸಂಜೆ ನಾನೂ ನನ್ನ ಮನೆಯವಳೂ ನೋಟ್‌ಬುಕ್ ಮುಂದಿಟ್ಟುಕೊಂಡು ಕೂರುತ್ತಿದ್ದೆವು. ಇದು ಆಕೆಯ ಸಲಹೆ. ಆಕೆ ಹಾವೇರಿ ಕಡೆಯವಳು. ಮೊದಲೆಲ್ಲ ದಿನಾ ಸಂಜೆ ಏನಾಯ್ತು ಎಂದು ಆಕೆ ಕೇಳುವುದು, ನಾನು ಸಿಡುಕುವುದು ನಡೆದಿತ್ತು. ಒಂದು ದಿನ ಹೇಳಿದಳು: “ರೀ, ದಿನಾ ಕೇಳಿ ನಿಮ್ಮ ಮಾರಿ ನೋಡೋದು ನನಗೂ ಸಾಕಾಗೇತಿ. ಇನ್ನ ನಾ ಕೇಳಂಗಿಲ್ಲ. ಶನಿವಾರ ಸಂಜಿ ಕುಂತು ಎಲ್ಲಾ ಹೇಳಿಬಿಡ್ರಿ.” ಆ ಒಪ್ಪಂದದಿಂದ ಮನೆ ಉಳಿಯಿತು ಎಂದೇ ನಾನು ತಿಳಿದಿದ್ದೇನೆ. ಮದುವೆ ಮುಂಜಿಗಳಲ್ಲಿ ನೆಂಟರು ಕೇಳಿದಾಗಲೂ ಆಕೆಯೇ “ನಡದೈತ್ರಿ” ಎಂದು ಬೇರೆ ಮಾತು ತೆಗೆಯುತ್ತಿದ್ದಳು.

ನೋಟ್‌ಬುಕ್‌ನಲ್ಲಿ ಐದು ಅಂಕಣ. ದಿನಾಂಕ, ಎಲ್ಲಿಗೆ ಅರ್ಜಿ ಅಥವಾ ಯಾರಿಗೆ ಫೋನ್, ಅವರಿಂದ ಕರೆ ಬಂತೇ, ಸಂದರ್ಶನ ಆಯಿತೇ, ಕೊನೆಗೆ ಏನಾಯಿತು. ವಾರ ಚೆನ್ನಾಗಿತ್ತೋ ಇಲ್ಲವೋ ಎಂದು ನಿರ್ಧರಿಸುವುದು ಎರಡನೆಯ ಅಂಕಣ ಮಾತ್ರ. ಐದು ಅರ್ಜಿ, ನಾಲ್ಕು ಫೋನ್ ಆದರೆ ವಾರ ತುಂಬಿದಂತೆ. ಉಳಿದ ಮೂರು ಅಂಕಣ ನನ್ನ ಕೈಯಲ್ಲಿಲ್ಲ. ಆದರೆ ಅವು ಬೇರೊಂದು ಕೆಲಸಕ್ಕೆ ಬರುತ್ತವೆ. ಕಾರ್ಖಾನೆಯಲ್ಲಿ ಮಾಲು ತಿರಸ್ಕಾರವಾದರೆ ಯಾವ ಹಂತದಲ್ಲಿ ಕೆಡುತ್ತಿದೆ ಎಂದು ನೋಡುತ್ತೇವಲ್ಲ, ಹಾಗೆ ಹುಡುಕಾಟ ಎಲ್ಲಿ ಕೆಡುತ್ತಿದೆ ಎಂದು ಅವು ತೋರಿಸುತ್ತವೆ. ಆರು ವಾರಕ್ಕೊಮ್ಮೆ ಅವನ್ನು ಕೂಡಿಸುತ್ತಿದ್ದೆ. ವಾರ ವಾರ ಕೂಡಿಸಿದರೆ ಸಂಖ್ಯೆ ತೀರಾ ಚಿಕ್ಕದು, ಏನೂ ತಿಳಿಯುವುದಿಲ್ಲ, ಸುಮ್ಮನೆ ಹೆದರಿಕೆ.

ಮೊದಲ ಆರು ವಾರ 28 ಅರ್ಜಿ, ಕರೆ ಎರಡು. ಅಂದರೆ ನನ್ನ ಕಾಗದವೇ ಕೆಟ್ಟಿದೆ. ಮಾತಾಡುವ ಅವಕಾಶವೇ ಬಾರದಿದ್ದಾಗ ಮಾತು ಸರಿಯಿಲ್ಲ ಎಂದು ಕೊರಗಿ ಫಲವಿಲ್ಲ. ಹಳೆಯ ಮೇಲಧಿಕಾರಿಗೆ ರೆಸ್ಯೂಮೆ ತೋರಿಸಿದೆ. ನಾಲ್ಕು ಪುಟ ಇತ್ತು. ಅವರು ಕೇಳಿದರು: “ಇದರಲ್ಲಿ ನೀನು ಏನು ಮಾಡಿದೆ ಅಂತ ಎಲ್ಲಿದೆ? ಬರೀ ಜವಾಬ್ದಾರಿ ಬರೆದಿದ್ದೀಯ.” ಎರಡು ಪುಟಕ್ಕೆ ಇಳಿಸಿದೆವು. ಮೇಲ್ಗಡೆಯೇ, ಗ್ರಾಹಕರಿಂದ ವಾಪಸು ಬರುತ್ತಿದ್ದ ದೂರು ತಿಂಗಳಿಗೆ 11 ಇದ್ದದ್ದು ಎರಡು ವರ್ಷದಲ್ಲಿ 3ಕ್ಕೆ ಇಳಿದದ್ದು, ಹೇಗೆ ಇಳಿಸಿದೆ ಅನ್ನುವುದು. ಅದು ನಿಜವಾದ ಲೆಕ್ಕ, ನನಗೇ ಮರೆತುಹೋಗಿತ್ತು.

ಮುಂದಿನ ಆರು ವಾರ 27 ಅರ್ಜಿ, ಕರೆ ಏಳು, ಸಂದರ್ಶನ ನಾಲ್ಕು, ಕೆಲಸ ಇಲ್ಲ. ಹೊರಗಿನಿಂದ ನೋಡಿದರೆ ಇನ್ನೂ ಸೊನ್ನೆಯೇ. ನೋಟ್‌ಬುಕ್ ನೋಡಿದರೆ ತೊಂದರೆ ಜಾಗ ಬದಲಿಸಿದೆ. ಕಾಗದ ಸರಿಯಾಗಿದೆ, ಈಗ ಕೆಡುತ್ತಿರುವುದು ಸಂದರ್ಶನದಲ್ಲಿ. ಪ್ರತಿ ಸಂದರ್ಶನ ಮುಗಿದ ಕೂಡಲೇ ಬಸ್‌ಸ್ಟಾಪಿನಲ್ಲೇ ಕೇಳಿದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುತ್ತಿದ್ದೆ. ನಾಲ್ಕರಲ್ಲಿ ಮೂರು ಕಡೆ ಸಿಎಂಎಂ ಯಂತ್ರ ನಡೆಸುತ್ತೀರಾ ಎಂದು ಕೇಳಿದ್ದರು. ಬಿಡಿಭಾಗದ ಅಳತೆಯನ್ನು ಮೂರೂ ದಿಕ್ಕಿನಲ್ಲಿ ಸೂಜಿಯಂಥ ತುದಿ ಮುಟ್ಟಿಸಿ ತೆಗೆಯುವ ಯಂತ್ರ ಅದು. ನಮ್ಮಲ್ಲಿ ಇರಲಿಲ್ಲ. ಎರಡನೆಯದು, ಇಷ್ಟು ತಿಂಗಳು ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ. ಅದಕ್ಕೆ ನಾನು ಕಾರ್ಖಾನೆ ಮುಚ್ಚಿದ ಕಥೆಯನ್ನು ಹತ್ತು ನಿಮಿಷ ಹೇಳುತ್ತಿದ್ದೆ, ಹೇಳುತ್ತಾ ದನಿ ಏರುತ್ತಿತ್ತು.

ಹೀಗೆ ಶುಕ್ರವಾರಕ್ಕೆ ಕೆಲಸ ಸಿಕ್ಕಿತು. ಪೀಣ್ಯದಲ್ಲಿ ಪರಿಚಯದವರೊಬ್ಬರ ವರ್ಕ್‌ಶಾಪಿನಲ್ಲಿ ಸಿಎಂಎಂ ಇತ್ತು. ಶುಕ್ರವಾರ ಬೆಳಿಗ್ಗೆ ಅವರ ಆಪರೇಟರ್ ಪಕ್ಕ ನಿಂತು ಕಲಿತೆ. ಬದಲಿಗೆ ಅವರ ತಪಾಸಣೆ ದಾಖಲೆಗಳನ್ನು ಓರಣ ಮಾಡಿಕೊಟ್ಟೆ. ಹನ್ನೆರಡು ಶುಕ್ರವಾರದಲ್ಲಿ ಪರಿಣತನಾಗಲಿಲ್ಲ, ಸುಳ್ಳು ಹೇಳಬಾರದು. ಸರಳ ಭಾಗಕ್ಕೆ ನಾನೇ ಪ್ರೋಗ್ರಾಂ ಹಾಕುವಷ್ಟು ಬಂತು. ಎರಡನೆಯ ಪ್ರಶ್ನೆಗೆ ಮೂರು ವಾಕ್ಯ ಬರೆದು ಬಾಯಿಪಾಠ ಮಾಡಿದೆ: ಕಾರ್ಖಾನೆ ಮುಚ್ಚಿತು. ಆಮೇಲೆ ವಾರಕ್ಕೊಂದು ದಿನ ಸಿಎಂಎಂ ಕಲಿಯುತ್ತಿದ್ದೇನೆ. ಸೋಮವಾರದಿಂದಲೇ ಸೇರಬಲ್ಲೆ. ಅಷ್ಟೇ. ಕನ್ನಡಿ ಮುಂದೆ ಮಗಳ ಎದುರಿಗೆ ಹೇಳಿ ಹೇಳಿ ದನಿ ಇಳಿಸಿದೆ.

ಮಧ್ಯಾಹ್ನಗಳ ಮಾತು ಬಿಟ್ಟೆ. ನಾಲ್ಕೂವರೆಯಿಂದ ಆರೂವರೆಗೆ ಓಣಿಯ ಆರು ಮಕ್ಕಳಿಗೆ ಗಣಿತ ಹೇಳಿಕೊಟ್ಟೆ. ಬಂದ ದುಡ್ಡು ಹಾಲು, ತರಕಾರಿಗೆ ಆಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ದಿನಕ್ಕೆ ಎರಡು ಗಂಟೆ ನನಗಾಗಿ ಯಾರೋ ಕಾಯುತ್ತಿದ್ದರು. ಭಾನುವಾರ ಹುಡುಕಾಟ ಪೂರ್ತಿ ಬಂದ್. ಮೊಬೈಲ್‌ನ ಆ್ಯಪ್ ತೆರೆಯುವಂತಿಲ್ಲ. ರಜೆ ಪಡೆಯಲು ಕೆಲಸ ಇರಬೇಕಲ್ಲ ಎಂಬ ಅಳುಕು ಮೊದಮೊದಲು ಕಾಡಿತು. ಆದರೆ ರಜೆ ಇಲ್ಲದ ವಾರಗಳಲ್ಲಿ ಬುಧವಾರದ ಹೊತ್ತಿಗೇ ಕೈ ಸೋಲುತ್ತಿದ್ದುದನ್ನು ನೋಟ್‌ಬುಕ್ಕೇ ತೋರಿಸಿತು.

ಇನ್ನು ವಾರ ಮುರಿಯುವ ಬಗೆ. ಇಪ್ಪತ್ತನೆಯ ವಾರ ಒಂದು ಕಡೆ ಮೂರು ಸುತ್ತು ಸಂದರ್ಶನವಾಯಿತು. ಸಂಬಳದ ಮಾತೂ ಮುಗಿಯಿತು. ಮಗಳಿಗೆ ಹೇಳಿಯೂ ಬಿಟ್ಟೆ. ಹತ್ತು ದಿನ ಸುದ್ದಿಯಿಲ್ಲ. ಕೊನೆಗೆ, ಹುದ್ದೆಯನ್ನೇ ಸದ್ಯಕ್ಕೆ ತಡೆಹಿಡಿದಿದ್ದೇವೆ ಎಂದು ಒಂದು ಸಾಲಿನ ಮೇಲ್. ಇಲ್ಲಿ ನನ್ನದು ಎರಡು ತಪ್ಪು. ಆ ಮೂರು ವಾರ ಬೇರೆ ಕಡೆ ಅರ್ಜಿ ನಿಲ್ಲಿಸಿದ್ದೆ. ಕೈಗೆ ಕಾಗದ ಬರುವವರೆಗೆ ವಾರದ ಐದು ಅರ್ಜಿ ನಿಲ್ಲಬಾರದು. ನಿಂತರೆ, ಇಲ್ಲ ಎಂಬ ಉತ್ತರ ಬಂದ ದಿನ ಹೊಲದಲ್ಲಿ ಬೇರೆ ಬೆಳೆಯೇ ಇರುವುದಿಲ್ಲ. ಎರಡನೆಯದು, ಮರುದಿನವೇ ಛಲದಿಂದ 15 ಅರ್ಜಿ ಕಳಿಸಿದೆ. ಹಳೆಯ ರೋಗ. ಮನೆಯವಳು ಗುರುತಿಸಿದಳು. ರಾತ್ರಿ ಮೊಬೈಲ್ ಬೆಳಕು, ಮಗಳ ಮೇಲೆ ಕೂಗಾಟ, ನೋಟ್‌ಬುಕ್ ಬರೆಯದಿರುವುದು, ಈ ಮೂರೂ ಒಟ್ಟಿಗೆ ಬಂದರೆ ದಣಿವು ಮರಳಿದೆ ಎಂದೇ ಅರ್ಥ.

ಆಗ ಮಾಡಿಕೊಂಡದ್ದು ಸಣ್ಣ ವಾರ. ಎರಡು ದಿನ ಪೂರ್ತಿ ಬಿಡುವು, ಆಮೇಲೆ ಆ ವಾರಕ್ಕೆ ಒಂದು ಅರ್ಜಿ, ಒಂದು ಫೋನ್, ಶನಿವಾರದ ಲೆಕ್ಕ. ಅಷ್ಟು ಮಾಡಿದರೆ ವಾರ ತುಂಬಿತು ಎಂದೇ ಬರೆಯುವುದು. ಸೊನ್ನೆ ಮಾತ್ರ ಬೇಡ. ಸೊನ್ನೆಯ ವಾರದಿಂದ ಮೇಲೇಳುವುದು ಎಷ್ಟು ಕಷ್ಟ ಎಂದು ನಾಲ್ಕನೆಯ ತಿಂಗಳಲ್ಲಿ ನೋಡಿದ್ದೆ. ಆದರೆ ಸಣ್ಣ ವಾರ ಸತತ ಮೂರು ಬಂದರೆ, ನಿದ್ದೆ ಊಟ ಕೆಟ್ಟಿದ್ದರೆ, ಅದು ಪಟ್ಟಿಯಿಂದ ಸರಿಹೋಗುವಂಥದ್ದಲ್ಲ. ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ದುಡ್ಡಿನ ಲೆಕ್ಕ ತಿಂಗಳಿಗೆ ಒಮ್ಮೆ ಮಾತ್ರ, ಮೊದಲ ಶನಿವಾರ. ದಿನಾ ಪಾಸ್‌ಬುಕ್ ನೋಡಿದರೆ ದುಡ್ಡು ಹೆಚ್ಚುವುದಿಲ್ಲ. ಐದನೆಯ ತಿಂಗಳಲ್ಲೇ ಕೂತು, ಇರುವ ಹಣ ಎಷ್ಟು ತಿಂಗಳು ಬರುತ್ತದೆ ಎಂದು ನೋಡಿ ಗೆರೆ ಎಳೆದೆವು. ಎಂಟನೆಯ ತಿಂಗಳಿಗೆ ಬೆಂಗಳೂರು ಬಿಟ್ಟು ತುಮಕೂರು, ಹುಬ್ಬಳ್ಳಿ, ಬೆಳಗಾವಿ ಕಡೆಯೂ ಅರ್ಜಿ. ಹತ್ತನೆಯ ತಿಂಗಳಿಗೆ ಹಳೆಯ ಸಂಬಳದ ಮುಕ್ಕಾಲು ಭಾಗಕ್ಕೂ ಒಪ್ಪುವುದು. ಸಮಾಧಾನ ಇದ್ದಾಗ ಮಾಡಿದ ತೀರ್ಮಾನ, ಗಾಬರಿಯಲ್ಲಿ ಮಾಡಬೇಕಾಗಲಿಲ್ಲ.

ಇಪ್ಪತ್ತಾರನೆಯ ವಾರದ ಗುರುವಾರ ಕ್ಯಾಲಿಬ್ರೇಶನ್ ಲ್ಯಾಬಿನವರಿಗೆ ನಾನು ಮೂರನೆಯ ಸಲ ಫೋನ್ ಮಾಡಿದೆ. ವರ್ಷಕ್ಕೆ ಎರಡು ಸಲ ಕಾರ್ಖಾನೆಯ ಗೇಟಿನಲ್ಲಿ ನೋಡಿದ ಮನುಷ್ಯ, ಜೊತೆಗೆ ಒಂದು ಚಹಾ ಕುಡಿದದ್ದೂ ನೆನಪಿಲ್ಲ. “ತುಮಕೂರಿನ ವಸಂತನರಸಾಪುರದಲ್ಲಿ ಒಂದು ಕಡೆ ಹೊಸ ಸಿಎಂಎಂ ಇಳಿಸಿದ್ದಾರೆ ಸರ್, ನಡೆಸೋರು ಇಲ್ಲ ಅಂತಿದ್ರು” ಅಂದರು. ಜಾಹೀರಾತು ಇನ್ನೂ ಹೊರಟಿರಲಿಲ್ಲ. ಶುಕ್ರವಾರ ಹೋದೆ. ಮೂರು ವಾಕ್ಯ ಹೇಳಿದೆ. ಯಂತ್ರದ ಮುಂದೆ ನಿಲ್ಲಿಸಿ ಒಂದು ಭಾಗ ಕೊಟ್ಟರು. ಕೈ ನಡುಗಿತು, ಆದರೂ ಅಳತೆ ಬಂತು. ಸಂಬಳ ಹಳೆಯದಕ್ಕಿಂತ 6,000 ಕಡಿಮೆ, ಗೆರೆಯ ಒಳಗೇ ಇತ್ತು. ಈಗಲೂ ಅಲ್ಲೇ ಇದ್ದೇನೆ. ನನ್ನ ಜೊತೆ ಕೆಲಸ ಕಳೆದುಕೊಂಡವರಲ್ಲಿ ಇಬ್ಬರು ಇದೇ ಥರ ವಾರ ಕಟ್ಟಿಕೊಂಡರು. ಒಬ್ಬರಿಗೆ ನಾಲ್ಕು ತಿಂಗಳಿಗೆ ಸಿಕ್ಕಿತು. ಇನ್ನೊಬ್ಬರಿಗೆ ಒಂದೂವರೆ ವರ್ಷ ಹಿಡಿಯಿತು. ಎಷ್ಟು ದಿನ ಎಂಬುದನ್ನು ಪಟ್ಟಿ ಹೇಳುವುದಿಲ್ಲ.

ಆ ನೋಟ್‌ಬುಕ್ ತಂದಿದ್ದೇನೆ. ಪ್ರಸಾದದ ಹೊತ್ತಿಗೆ ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತೇನೆ. ನೋಡಬೇಕೆನ್ನುವವರು ಬನ್ನಿ, ನಿಮ್ಮ ರೆಸ್ಯೂಮೆ ತಂದಿದ್ದರೆ ಅದನ್ನೂ ನೋಡೋಣ. ಶರಣು.